ತಟ್ಟೆ ಇಡ್ಲಿ ಕ್ಯಾಮೆರಾದಲ್ಲಿ ಸುಣ್ಣದ ಬಿಲ್ಲೆಯಂತೆ ಕಾಣುತ್ತಿದೆ, 20 ಸೆಕೆಂಡಿನ ಜಾಹೀರಾತಿಗೆ ಏನು ಮಾಡಲಿ?

ಕ್ಯಾತ್ಸಂದ್ರದ_ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರು ಕ್ಯಾತ್ಸಂದ್ರದಲ್ಲಿ ಹೆದ್ದಾರಿಯ ಪಕ್ಕ ಚಿಕ್ಕ ಹೋಟೆಲ್ ನಡೆಸುತ್ತಾರೆ. ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ತಟ್ಟೆ ಇಡ್ಲಿ, ವಡೆ, ಕಾಯಿ ಚಟ್ನಿ, ಅಷ್ಟೇ. ತುಮಕೂರಿನ ಕಡೆಯವರ ಮೊಬೈಲಿಗೆ ಹೋಗುವಂತೆ 20 ಸೆಕೆಂಡಿನ ಒಂದು ಜಾಹೀರಾತು ಮಾಡೋಣ ಎಂದು ನಾನೇ ಮುಂದೆ ಬಿದ್ದೆ. ಹಣ ಕೊಟ್ಟು ಮಾಡಿಸುವ ಶಕ್ತಿ ಇಲ್ಲ, ಇರುವುದು ನನ್ನ ಮೊಬೈಲ್ ಮಾತ್ರ.

ಮೊನ್ನೆ ಚಿತ್ರೀಕರಿಸಿದೆ. ಎದುರಿಗೆ ಇಟ್ಟುಕೊಂಡು ತಿನ್ನುವಾಗ ಅಷ್ಟು ಚೆನ್ನಾಗಿರುವ ಇಡ್ಲಿ ಪರದೆಯ ಮೇಲೆ ಸುಣ್ಣದ ಬಿಲ್ಲೆಯಂತೆ ಬಂದಿದೆ. ಹಬೆ ಕಾಣುವುದೇ ಇಲ್ಲ. ಬೆಣ್ಣೆ ಹಾಕಿದೆ, ನಾನು ಕ್ಯಾಮೆರಾ ಸರಿಮಾಡಿಕೊಳ್ಳುವಷ್ಟರಲ್ಲಿ ಕರಗಿ ತಟ್ಟೆಯ ಅಂಚಿಗೆ ಹೋಗಿ ನಿಂತಿತ್ತು. ನಿಧಾನಗತಿಯಲ್ಲಿ ತೆಗೆದ ತುಣುಕುಗಳಂತೂ ಚಿತ್ರವೆಲ್ಲ ಮಿಣುಕುತ್ತಿದೆ, ಕಣ್ಣು ನೋಯುತ್ತದೆ.

ಹಿನ್ನೆಲೆ ದನಿಗೆ ಬರೆದುಕೊಂಡದ್ದು ಇದು, ನಗಬೇಡಿ:

"ಅಪ್ಪಟ ಸಾಂಪ್ರದಾಯಿಕ ರುಚಿಯ, ಬಾಯಲ್ಲಿ ನೀರೂರಿಸುವ, ಮಲ್ಲಿಗೆಯಷ್ಟು ಮೃದುವಾದ, ಸ್ವಾದಿಷ್ಟ, ಆರೋಗ್ಯಕರ ತಟ್ಟೆ ಇಡ್ಲಿ! ಶುಚಿ, ರುಚಿ, ಗುಣಮಟ್ಟಕ್ಕೆ ಇನ್ನೊಂದು ಹೆಸರು! ಇಂದೇ ಭೇಟಿ ನೀಡಿ, ಸವಿಯಿರಿ, ಆನಂದಿಸಿ!"

ಮಾವನವರು ಕೇಳಿ, "ಇದು ಇಡ್ಲಿಯ ಜಾಹೀರಾತೋ ಚುನಾವಣೆಯ ಭಾಷಣವೋ" ಎಂದರು. ನನಗೂ ಹಾಗೇ ಅನ್ನಿಸಿತು. ದೋಸೆಯಾದರೆ ಕಾವಲಿಯ ಮೇಲೆ ಸದ್ದು ಮಾಡುತ್ತದೆ, ವಡೆಯಾದರೆ ಕಡಿದರೆ ಕೇಳಿಸುತ್ತದೆ. ಇಡ್ಲಿಗೆ ಬಣ್ಣವೂ ಇಲ್ಲ, ಸದ್ದೂ ಇಲ್ಲ. ಎಲ್ಲಿಂದ ತರಲಿ?

ಚಿಂತಾಮಣಿ_ಚಿತ್ರಕಾರ

ಅಕ್ಕಾ, ನಾನು ಮದುವೆ ವಿಡಿಯೊ ಮಾಡುವವನು. ಸುಲಭದ ದಾರಿ ಹೇಳುತ್ತೇನೆ. ಇಡ್ಲಿಯ ಹಿಂದೆ ಕಾಣದ ಹಾಗೆ ಎರಡು ಊದುಬತ್ತಿ ಹಚ್ಚಿಡಿ, ಹಬೆ ಸಿದ್ಧ. ಬೆಣ್ಣೆಯ ಬದಲು ಗಡ್ಡ ಬೋಳಿಸುವ ನೊರೆ ಇಡಿ, ಒಂದು ಗಂಟೆಯಾದರೂ ಕರಗುವುದಿಲ್ಲ. ದೊಡ್ಡ ಕಂಪನಿಗಳೆಲ್ಲ ಮಾಡುವುದು ಇದನ್ನೇ. ಮಿಣುಕುವುದಕ್ಕೆ ಕಾರಣ ಮೊಬೈಲ್ ಹಳೆಯದಾಗಿರಬೇಕು. ಮತ್ತೆ, ಎದುರಿನಿಂದ ಚೆನ್ನಾಗಿ ದೀಪ ಬಿಡಿ, ಬೆಳಕು ಹೆಚ್ಚಾದಷ್ಟೂ ಚಿತ್ರ ಸ್ಪಷ್ಟ.

ಗುಬ್ಬಿ_ಅಡುಗೆಭಟ್ಟ

ತಾಯೀ, ಇಡ್ಲಿ ಸುಣ್ಣದ ಬಿಲ್ಲೆಯಂತೆ ಆಗಿದೆ ಎಂದರೆ ಹಿಟ್ಟು ಹುದುಗು ಬಂದಿಲ್ಲ ಎಂದೇ ಅರ್ಥ. ಅಕ್ಕಿಯ ಜೊತೆ ಉದ್ದು ಕಡಿಮೆ ಬಿದ್ದಿರಬೇಕು, ಇಲ್ಲವೇ ರುಬ್ಬುವಾಗ ಯಂತ್ರ ಬಿಸಿಯಾಗಿರಬೇಕು. ನಾವು ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ನೆನೆಸಿ ಜೊತೆಗೆ ರುಬ್ಬುತ್ತೇವೆ. ಚಳಿಗಾಲದಲ್ಲಿ ರಾತ್ರಿಯೆಲ್ಲ ಬಿಟ್ಟರೂ ಹಿಟ್ಟು ಏಳುವುದಿಲ್ಲ, ಒಲೆಯ ಪಕ್ಕ ಇಡಬೇಕು. ಹುದುಗು ಬಂದ ಹಿಟ್ಟನ್ನು ಸೌಟಿನಲ್ಲಿ ರಪರಪನೆ ತಿರುವಬೇಡಿ, ಗಾಳಿ ಹೋಗಿ ಇಡ್ಲಿ ಕಲ್ಲಾಗುತ್ತದೆ.

ಕ್ಯಾತ್ಸಂದ್ರದ_ಸೊಸೆ

ಭಟ್ಟರೇ, ಇಡ್ಲಿ ಚೆನ್ನಾಗಿಯೇ ಆಗಿದೆ. ನಾನು ಕೇಳಿದ್ದು ಚಿತ್ರದಲ್ಲಿ ಹಾಗೆ ಏಕೆ ಕಾಣುತ್ತದೆ ಎಂದು. ಮಾವನವರ ಮುಂದೆ ನಿಮ್ಮ ಉತ್ತರ ಓದಿದ್ದರೆ ಈ ಹೊತ್ತಿಗೆ ಗುಬ್ಬಿಗೆ ಹೊರಟುಬಿಡುತ್ತಿದ್ದರು!

ಮಸೂರದ_ಮುಂದೆ

ಹನ್ನೊಂದು ವರ್ಷ ಬೆಂಗಳೂರಿನಲ್ಲಿ ತಿನಿಸಿನ ಜಾಹೀರಾತುಗಳಿಗೆ ಕ್ಯಾಮೆರಾ ಹಿಡಿದು ಈಗ ಊರಿಗೆ, ತಿಪಟೂರಿಗೆ, ಬಂದು ಕುಳಿತಿದ್ದೇನೆ. ತಂಗೀ, ನಿಮ್ಮ ಮೊಬೈಲ್ ಸಾಕು. ಭಟ್ಟರ ಮಾತನ್ನೂ ತಳ್ಳಿಹಾಕಬೇಡಿ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಬೆಳಕು. ನೀವು ಕಿಟಕಿಗೋ ದೀಪಕ್ಕೋ ಬೆನ್ನು ಮಾಡಿ ನಿಂತು ತೆಗೆದಿದ್ದೀರಿ, ನೋಡದೆಯೇ ಹೇಳಬಲ್ಲೆ. ಎದುರಿನಿಂದ ಬಿದ್ದ ಬೆಳಕು ಇಡ್ಲಿಯ ಮೇಲಿನ ಸಣ್ಣ ಸಣ್ಣ ತೂತುಗಳ ನೆರಳನ್ನೆಲ್ಲ ಅಳಿಸಿಹಾಕುತ್ತದೆ. ತೂತು ಕಾಣದಿದ್ದರೆ ಮೆತ್ತಗಿದೆ ಎಂಬುದು ಕಣ್ಣಿಗೆ ಗೊತ್ತಾಗುವುದಿಲ್ಲ. ಚಿಂತಾಮಣಿಯವರು ಹೇಳಿದಂತೆ ಎದುರಿನಿಂದ ಇನ್ನೂ ದೀಪ ಬಿಟ್ಟರೆ ಬಿಲ್ಲೆ ಇನ್ನೂ ಬೆಳ್ಳಗಾಗುತ್ತದೆ, ಅಷ್ಟೇ. ತಟ್ಟೆಯನ್ನು ಗಡಿಯಾರದ ಮುಖ ಎಂದುಕೊಳ್ಳಿ. ನೀವು ಆರರ ಜಾಗದಲ್ಲಿ ನಿಂತರೆ ಕಿಟಕಿ ಹನ್ನೊಂದರ ಕಡೆ ಇರಬೇಕು. ಬಿಸಿಲು ನೇರವಾಗಿ ಬೀಳುತ್ತಿದ್ದರೆ ಕಿಟಕಿಗೆ ಒಂದು ಬಿಳಿ ಪಂಚೆ ಕಟ್ಟಿ. ನಿಮ್ಮ ಕಡೆಯ ಭಾಗ ತೀರಾ ಕಪ್ಪಾದರೆ ನಾಲ್ಕರ ಜಾಗದಲ್ಲಿ ಥರ್ಮೋಕೋಲ್ ಹಾಳೆ ನಿಲ್ಲಿಸಿ.

ಹಬೆಯೂ ಇದರಿಂದಲೇ ಕಾಣುತ್ತದೆ. ನಾವು ಹಬೆ ಎನ್ನುವುದು ತಣ್ಣಗಿನ ಗಾಳಿ ತಾಗಿ ಹುಟ್ಟುವ ನೀರಿನ ಸಣ್ಣ ಹನಿಗಳನ್ನು. ಹಿಂದಿನಿಂದ ಬೆಳಕು ಬಿದ್ದರೆ ಅವು ಹೊಳೆಯುತ್ತವೆ, ಎದುರಿನಿಂದ ಬಿದ್ದರೆ ಗೋಡೆಯ ಬಣ್ಣದಲ್ಲಿ ಕರಗಿಹೋಗುತ್ತವೆ. ಹಿನ್ನೆಲೆ ಕಪ್ಪಾಗಿರಬೇಕು. ಹಳೆಯ ಮರದ ಬಾಗಿಲು ಇದ್ದರೆ ಸರಿ, ಇಲ್ಲವೇ ಮೂರು ಅಡಿ ಹಿಂದೆ ಒಂದು ಕರಿಕಂಬಳಿ ತೂಗುಹಾಕಿ. ಫ್ಯಾನ್ ಆರಿಸಿ. ಮುಂಜಾನೆ ಗಾಳಿ ತಣ್ಣಗಿರುವಾಗ ತೆಗೆದರೆ ಮಧ್ಯಾಹ್ನಕ್ಕಿಂತ ಹೆಚ್ಚು ಹಬೆ ಸಿಗುತ್ತದೆ. ಊದುಬತ್ತಿ ಬೇಡ. ಅದರ ಹೊಗೆ ನೀಲಿಯಾಗಿ, ದಾರದಂತೆ ಸುತ್ತಿಕೊಂಡು ಏಳುತ್ತದೆ, ಬೇಗ ಮಾಯವಾಗುವುದೂ ಇಲ್ಲ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಇಡ್ಲಿ ಹೊತ್ತಿಕೊಂಡಂತೆ ಅನ್ನಿಸುತ್ತದೆ.

ಇನ್ನು ಬಿಳಿ ಬಣ್ಣ. ಕಪ್ಪು ಹಿನ್ನೆಲೆ ಕಂಡ ಮೊಬೈಲ್ "ಕತ್ತಲೆಯಿದೆ" ಎಂದುಕೊಂಡು ಎಲ್ಲವನ್ನೂ ಬೆಳಗಿಸುತ್ತದೆ, ಆಗ ಇಡ್ಲಿಯ ತೂತುಗಳೆಲ್ಲ ಅಳಿಸಿಹೋಗಿ ಬರೀ ಬಿಳಿಯಾಗುತ್ತದೆ. ಪರದೆಯ ಮೇಲೆ ಇಡ್ಲಿಯ ಅತಿ ಬೆಳ್ಳಗಿನ ಭಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಬೆಳಕಿನ ಅಳತೆ ಅಲ್ಲೇ ನಿಲ್ಲುತ್ತದೆ, ಆಮೇಲೆ ಸ್ವಲ್ಪ ಕೆಳಗಿಳಿಸಿ. ಸರಿಯಾಗಿದೆಯೇ ಎಂದು ತಿಳಿಯಲು ಒಂದು ಸ್ಥಿರಚಿತ್ರ ತೆಗೆದು ಹಿಗ್ಗಿಸಿ ನೋಡಿ. ಬೆಳಕು ಹೆಚ್ಚು ಬಿದ್ದ ಅಂಚಿನಲ್ಲೂ ತೂತುಗಳನ್ನು ಎಣಿಸುವಂತಿದ್ದರೆ ಸರಿ. ಬರೀ ಬಿಳಿ ಇದ್ದರೆ ಆಮೇಲೆ ಯಾವ ಸಂಕಲನದಲ್ಲೂ ಅದು ಹಿಂದಕ್ಕೆ ಬರುವುದಿಲ್ಲ.

ಮಿಣುಕುವುದಕ್ಕೆ ಮೊಬೈಲಿನ ವಯಸ್ಸು ಕಾರಣವಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸುತ್ತು ಹಾಕುತ್ತದೆ, ಅಡುಗೆಮನೆಯ ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ನಿಧಾನಗತಿಗಾಗಿ ನೀವು ಸೆಕೆಂಡಿಗೆ 120 ಚೌಕಟ್ಟು, ಎಂದರೆ 120 ಬಿಡಿಚಿತ್ರ, ತೆಗೆದಾಗ ಒಂದು ಚೌಕಟ್ಟಿಗೆ ಏರಿದ ಬೆಳಕು, ಮತ್ತೊಂದಕ್ಕೆ ಇಳಿದ ಬೆಳಕು ಸಿಗುತ್ತದೆ. ದೀಪ ಆರಿಸಿ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ, ತೊಂದರೆಯೇ ಇರುವುದಿಲ್ಲ.

ಹತ್ತಿರದ ಚಿತ್ರ ಬೇಕೆಂದು ಮೊಬೈಲನ್ನು ಇಡ್ಲಿಯ ಮೂಗಿನ ಹತ್ತಿರ ಒಯ್ಯಬೇಡಿ. ಮಸೂರಕ್ಕೆ ಹಬೆ ಹಿಡಿಯುತ್ತದೆ, ನಿಮ್ಮದೇ ನೆರಳು ಬೀಳುತ್ತದೆ, ಅಗಲ ಮಸೂರವಾದ್ದರಿಂದ ಮುಂದಿನ ಅಂಚು ಉಬ್ಬಿ ಇಡ್ಲಿ ಬನ್ನಿನಂತೆ ಕಾಣುತ್ತದೆ. ಒಂದು ಮೊಳ ಹಿಂದೆ ನಿಂತು, ಮೊಬೈಲಿನಲ್ಲಿ ಎರಡುಪಟ್ಟಿನ ಬೇರೆ ಮಸೂರ ಇದ್ದರೆ ಅದನ್ನು ಬಳಸಿ.

ಬೆಣ್ಣೆಯ ವಿಷಯ ನಾಳೆ ಬರೆಯುತ್ತೇನೆ, ಈಗ ತೋಟಕ್ಕೆ ನೀರು ಬಿಡುವ ಹೊತ್ತು, ಕರೆಂಟು ಬಂದಿದೆ.

ಕೋಲಾರದ_ಮುದ್ದೆಗಾರ

ನನ್ನದೂ ಇದೇ ಗೋಳು ಸಾರ್. ನಮ್ಮದು ಮುಳಬಾಗಿಲು ರಸ್ತೆಯಲ್ಲಿ ಊಟದ ಹೋಟೆಲ್. ಮುದ್ದೆ ಬಸ್ಸಾರಿನ ವಿಡಿಯೊ ಮಾಡಿ ಹಾಕಿದೆ, ಕೆಳಗೆ ಒಬ್ಬ ಪುಣ್ಯಾತ್ಮ "ಇದೇನು, ಗೋಪುರ ಕಟ್ಟುವ ಜೇಡಿಮಣ್ಣೇ?" ಎಂದು ಬರೆದಿದ್ದಾನೆ. ನಾವೂ ಹಿಂದಿನಿಂದ ಬೆಳಕು ಬಿಟ್ಟೆವು, ಮುದ್ದೆ ಇನ್ನೂ ಕಪ್ಪಾಯಿತು. ಬಿಳಿ ಇಡ್ಲಿಯವರೇ ಪುಣ್ಯವಂತರು. ನಮಗೂ ಒಂದು ದಾರಿ ಹೇಳಿ.

ಮಸೂರದ_ಮುಂದೆ

ಮುದ್ದೆಗೆ ಹಿನ್ನೆಲೆ ತಿಳಿಬಣ್ಣದ್ದಿರಲಿ, ಬಾಳೆಎಲೆಯೇ ಸಾಕು. ಬೆಳಕನ್ನು ಹನ್ನೊಂದರಿಂದ ಒಂಬತ್ತಕ್ಕೆ ತನ್ನಿ. ಮುದ್ದೆಯ ಅಂದವೆಲ್ಲ ಅದರ ಮೇಲಿನ ಮಿರುಗಿನಲ್ಲಿದೆ, ಒದ್ದೆ ಕೈಯಲ್ಲಿ ತಿರುವಿ ಇಟ್ಟ ಒಂದೆರಡು ನಿಮಿಷದಲ್ಲಿ ಅದು ಒಣಗಿ ಹೋಗುತ್ತದೆ. ಅದಕ್ಕೇ ಜೇಡಿಮಣ್ಣು ಎಂದಿದ್ದಾನೆ. ಇಡೀ ಉಂಡೆಯನ್ನು ತೋರಿಸಬೇಡಿ. ಹೆಬ್ಬೆರಳು ಗುಳಿ ಒತ್ತುವುದು, ಆ ಗುಳಿಗೆ ಸಾರು ಬೀಳುವುದು, ಅಷ್ಟು ತೋರಿಸಿದರೆ ತಿನ್ನುವವನ ಕೈ ತಾನಾಗಿ ಮುಂದೆ ಬರುತ್ತದೆ. ಮಿಕ್ಕದ್ದಕ್ಕೆ ಬೇರೆ ಚರ್ಚೆ ತೆರೆಯಿರಿ, ಇದು ಇಡ್ಲಿಯ ಮನೆ.

ತಂಗೀ, ಬೆಣ್ಣೆ. ಬೆಣ್ಣೆ ಕರಗಲು ಸುಮಾರು 35 ಡಿಗ್ರಿ ಶಾಖ ಸಾಕು. ಆಗತಾನೇ ಇಳಿಸಿದ ಇಡ್ಲಿ ಕುದಿನೀರಿನ ಹತ್ತಿರ ಹತ್ತಿರ ಬಿಸಿಯಿರುತ್ತದೆ. ಮೇಜಿನ ಮೇಲಿದ್ದ ಮೆತ್ತಗಿನ ಬೆಣ್ಣೆ ಅದರ ಮೇಲೆ ನಿಂತು ಕರಗುವುದಿಲ್ಲ, ಕೂಡಲೇ ಜಾರಿಬಿಡುತ್ತದೆ. ಬೆಣ್ಣೆಯನ್ನು ನಿಂಬೆಕಾಯಿಗಿಂತ ಚಿಕ್ಕ ಉಂಡೆಗಳಾಗಿ ಮಾಡಿ ಫ್ರಿಜ್ಜಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಇಡ್ಲಿಯ ನಡುವೆ ಚಮಚದ ಬೆನ್ನಿನಿಂದ ಕಾಣದಷ್ಟು ತಗ್ಗು ಒತ್ತಿ ಅದರಲ್ಲಿ ಕೂರಿಸಿ. ಆಗ ಉಂಡೆಯ ಬುಡ ಕರಗಿ ಸುತ್ತ ಹೊಳಪು ಹರಡುತ್ತದೆ, ತಲೆ ಮಾತ್ರ ಇನ್ನೂ ಗಟ್ಟಿಯಾಗಿರುತ್ತದೆ. ಆ ಅರ್ಧ ನಿಮಿಷವೇ ನಿಮಗೆ ಬೇಕಾದದ್ದು. ಪೂರ್ತಿ ಕರಗಿದ ಬೆಣ್ಣೆ ಎಣ್ಣೆಯಂತೆ ಕಾಣುತ್ತದೆ, ಕರಗದ ಬೆಣ್ಣೆ ಇಡ್ಲಿ ತಣ್ಣಗಿದೆ ಎಂದು ಸಾರುತ್ತದೆ.

ಅರ್ಧ ನಿಮಿಷ ಸಾಲದು ಎನ್ನಬೇಡಿ. ನಾವು ಯಾವಾಗಲೂ ಎರಡು ತಟ್ಟೆ ಇಟ್ಟುಕೊಳ್ಳುತ್ತೇವೆ. ನಿನ್ನೆಯ ತಣ್ಣನೆಯ ಇಡ್ಲಿಯನ್ನು ಮುಂದಿಟ್ಟುಕೊಂಡು ಬೆಳಕು, ಅಳತೆ, ಕೈ ಎಲ್ಲಿಂದ ಬರಬೇಕು ಎಲ್ಲವನ್ನೂ ಮುಗಿಸುತ್ತೇವೆ. ತಟ್ಟೆಯ ಜಾಗಕ್ಕೆ ಮೇಜಿನ ಮೇಲೆ ಸೀಮೆಸುಣ್ಣದ ಗುರುತು ಇರುತ್ತದೆ. ಆಮೇಲೆ ಬಿಸಿಯದು ಬಂದು ಅದೇ ಗುರುತಿನ ಮೇಲೆ ಕೂರುತ್ತದೆ, ಕ್ಯಾಮೆರಾ ಅದಾಗಲೇ ಓಡುತ್ತಿರುತ್ತದೆ. ಮೊದಲನೆಯದನ್ನು ನಮ್ಮ ತಂಡದಲ್ಲಿ "ಬದಲಿ ವರ" ಎನ್ನುತ್ತಿದ್ದೆವು.

ಕ್ಯಾತ್ಸಂದ್ರದ_ಸೊಸೆ

ಇವತ್ತು ಬೆಳಿಗ್ಗೆ ಏಳಕ್ಕೆ, ಗಿರಾಕಿಗಳ ನಡುವೆಯೇ ಮತ್ತೆ ತೆಗೆದೆ. ಕಂಬಳಿ ನಮ್ಮ ಅಜ್ಜಿಯದು, ಕೊಡಲು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಹಬೆ ಕಂಡಿತು! ಬೆಣ್ಣೆಯೂ ನಿಂತಿತು. ಮೂರನೆಯ ಇಡ್ಲಿಯ ಹೊತ್ತಿಗೆ ಸರಿಹೋಯಿತು. ಆದರೆ ಎರಡು ತೊಂದರೆ. ಒಂದು, ಸ್ಟೀಲ್ ತಟ್ಟೆಯ ಅಂಚಿನಲ್ಲಿ ನನ್ನ ಕೆಂಪು ಸ್ವೆಟರ್ ಕಾಣುತ್ತಿದೆ. ಇನ್ನೊಂದು, ಇಡ್ಲಿಯ ಮೇಲೆ ಅಲ್ಲಲ್ಲಿ ನೀರಿನ ಕಲೆಗಳು.

ಗುಬ್ಬಿ_ಅಡುಗೆಭಟ್ಟ

ನೀರಿನ ಕಲೆಗೆ ನಾನೇ ಉತ್ತರ ಹೇಳಬಲ್ಲೆ. ಪಾತ್ರೆಯ ಮುಚ್ಚಳದ ಒಳಬದಿಯಲ್ಲಿ ಕಟ್ಟಿದ ನೀರು ನೀವು ಎತ್ತುವಾಗ ಮೇಲಿನ ತಟ್ಟೆಗೆ ತೊಟ್ಟಿಕ್ಕುತ್ತದೆ. ಎರಡನೆಯ ಅಥವಾ ಮೂರನೆಯ ತಟ್ಟೆಯ ಇಡ್ಲಿಯನ್ನು ಆರಿಸಿಕೊಳ್ಳಿ. ಮುಚ್ಚಳವನ್ನು ಓರೆಯಾಗಿ ನಿಮ್ಮ ಕಡೆಗಲ್ಲ, ಆಚೆಗೆ ಎತ್ತಿ. ಒಂದೆರಡು ನಿಮಿಷ ಬಿಟ್ಟು ಬಟ್ಟೆಯಿಂದ ಬಿಡಿಸಿ, ಇಲ್ಲದಿದ್ದರೆ ಮೇಲ್ಮೈ ಕಿತ್ತುಬರುತ್ತದೆ.

ಮಸೂರದ_ಮುಂದೆ

ಹೇಳಿದೆನಲ್ಲ, ಭಟ್ಟರನ್ನು ತಳ್ಳಿಹಾಕಬೇಡಿ ಎಂದು. ಸ್ಟೀಲಿಗೆ: ನೀವು ಕಪ್ಪು ಬಟ್ಟೆ ತೊಡಿ, ಇಲ್ಲವೇ ತಟ್ಟೆಯ ಮೇಲೆ ಬಾಳೆಎಲೆಯ ತುಂಡು ಹಾಕಿ. ಎಲೆಯೇ ಒಳ್ಳೆಯದು, ಬಿಳಿಗೆ ಪಕ್ಕದಲ್ಲಿ ಹಸಿರು ಬೇಕು.

ಈಗ ಅತಿ ಮುಖ್ಯವಾದ ಚಿತ್ರಕ್ಕೆ ಬರುತ್ತೇನೆ. ಅದು ಹಬೆಯೂ ಅಲ್ಲ ಬೆಣ್ಣೆಯೂ ಅಲ್ಲ, ಇಡ್ಲಿಯನ್ನು ಮುರಿಯುವುದು. ಮೆತ್ತಗಿರುವ ವಸ್ತುವನ್ನು ಸುಮ್ಮನೆ ಇಟ್ಟರೆ ಅದು ಮೆತ್ತಗಿದೆ ಎಂದು ಯಾರಿಗೂ ತಿಳಿಯದು. ಬೆರಳು ಒತ್ತಿದಾಗ ತಗ್ಗಿ ಮತ್ತೆ ಏಳಬೇಕು, ಎಳೆದಾಗ ಒಳಗಿನ ಗೂಡುಗಳು ಒಂದೊಂದಾಗಿ ಬಿಟ್ಟುಕೊಳ್ಳಬೇಕು, ಆ ಬಿರುಕಿನಿಂದ ಹಬೆ ಏಳಬೇಕು. ಹಿಂದಿನ ಬೆಳಕು ಮುರಿದ ಅಂಚಿನ ಮೂಲಕ ಹಾದುಬಂದಾಗ ಆ ಅಂಚು ಒಳಗಿನಿಂದಲೇ ಬೆಳಗಿದಂತೆ ಕಾಣುತ್ತದೆ. ಇದನ್ನು ಮಾತ್ರ ನಿಧಾನಗತಿಯಲ್ಲಿ ತೆಗೆಯಿರಿ, ಮಿಕ್ಕದ್ದನ್ನು ಬೇಡ. ಎಲ್ಲವೂ ನಿಧಾನವಾದರೆ ಹಸಿವೂ ನಿಧಾನವಾಗುತ್ತದೆ.

ಇಲ್ಲಿಯೇ ಭಟ್ಟರ ಹುದುಗು ಕೆಲಸಕ್ಕೆ ಬರುವುದು. ಹಿಟ್ಟು ಚೆನ್ನಾಗಿ ಎದ್ದಿರದಿದ್ದರೆ ಮುರಿದಾಗ ಗೂಡುಗಳೇ ಕಾಣುವುದಿಲ್ಲ, ಕೇಕಿನಂತೆ ನುಣ್ಣಗೆ ಒಡೆಯುತ್ತದೆ. ಇಳಿಸಿದ ತಕ್ಷಣ ಮುರಿದರೆ ಬೆರಳಿಗೆ ಅಂಟಿ ಮುದ್ದೆಯಾಗುತ್ತದೆ, ಹತ್ತು ನಿಮಿಷ ಕಳೆದರೆ ಹಬೆಯಿಲ್ಲ, ಉದುರುತ್ತದೆ. ಇಳಿಸಿ ಎರಡು ಮೂರು ನಿಮಿಷಕ್ಕೆ ಮುರಿಯಿರಿ. ಮತ್ತೆ, ಉಗುರು ನೋಡಿಕೊಳ್ಳಿ. ಹತ್ತಿರದ ಚಿತ್ರದಲ್ಲಿ ಉಗುರಿನ ಸಂದಿಯ ಕೊಳೆ ಇಡ್ಲಿಗಿಂತ ಮೊದಲು ಕಾಣುತ್ತದೆ. ನನ್ನದೇ ಒಂದು ಇಡೀ ದಿನದ ಕೆಲಸ ಹೀಗೆ ಹಾಳಾಗಿದೆ.

ಶಿರಾ_ನಿವೃತ್ತ_ಮೇಷ್ಟ್ರು

ಚಿತ್ರದ ಮಾತು ಬಲ್ಲವರು ಆಡಿದರು. ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು, ಆ ತಾಯಿಯ ಬರಹದ ಬಗ್ಗೆ ಎರಡು ಮಾತು.

ಮಗಳೇ, ನಿನ್ನ ವಾಕ್ಯದಲ್ಲಿ ಇಡ್ಲಿ ಬರುವ ಮೊದಲು ಐದು ವಿಶೇಷಣಗಳಿವೆ. ಅಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. ಆ ಐದರಲ್ಲಿ ನಾಲಿಗೆಗೋ ಚರ್ಮಕ್ಕೋ ತಾಗುವುದು ಯಾವುದು? "ಮೃದುವಾದ" ಒಂದೇ. ಅದೂ ಪುಸ್ತಕದ ಮಾತು, ಮನೆಯಲ್ಲಿ ಯಾರೂ ಇಡ್ಲಿಯನ್ನು ಮೃದು ಎನ್ನುವುದಿಲ್ಲ, ಮೆತ್ತಗಿದೆ ಎನ್ನುತ್ತಾರೆ. "ಸ್ವಾದಿಷ್ಟ" ಎಂದಾಗ ಬಾಯಿಗೆ ಏನೂ ಬರುವುದಿಲ್ಲ. "ಬಾಯಲ್ಲಿ ನೀರೂರಿಸುವ" ಎನ್ನುವುದನ್ನು ಕೇಳಿ ಕೇಳಿ ಬಾಯಿ ಒಣಗಿದೆ. ಮಲ್ಲಿಗೆಯ ಹೋಲಿಕೆಯಂತೂ ಅಪಾಯ. ಮಲ್ಲಿಗೆ ಇಡ್ಲಿ ಎಂಬುದು ಬೇರೆಯೇ ತಿನಿಸು, ಮೈಸೂರಿನ ಕಡೆಯವರು ಬಂದು ಜಗಳ ಮಾಡಿಯಾರು.

ಕನ್ನಡಕ್ಕೆ ಬೇರೊಂದು ಸಿರಿಯಿದೆ, ಅನುಕರಣಾವ್ಯಯ. ಸಾಸಿವೆ ಚಟಪಟ ಸಿಡಿಯುತ್ತದೆ, ಸಾರು ಕೊತಕೊತ ಕುದಿಯುತ್ತದೆ, ಹಿಟ್ಟು ಕಾವಲಿಯ ಮೇಲೆ ಚುಂಯ್ ಎನ್ನುತ್ತದೆ, ಹಪ್ಪಳ ಕುರುಕುರು. ಇವು ಪದಗಳೂ ಹೌದು, ಸದ್ದೂ ಹೌದು. ಆದರೆ ಪ್ರತಿಯೊಂದಕ್ಕೂ ಒಡೆಯನಿದ್ದಾನೆ. ಚಟಪಟವನ್ನು ಸಾರಿಗೆ ಕೊಟ್ಟರೆ ಸುಳ್ಳಾಗುತ್ತದೆ. ನಿನ್ನ ಇಡ್ಲಿಗೆ ಇವು ಯಾವುವೂ ಸೇರುವುದಿಲ್ಲ. ಅದು ಮೌನಿ. ಮೌನಿಯ ಬಾಯಲ್ಲಿ ಮಾತು ತುರುಕಬೇಡ, ಅದರ ಸುತ್ತ ಇರುವವರು ಮಾತಾಡಲಿ. ಪಕ್ಕದಲ್ಲಿ ಚಟ್ನಿಯ ಒಗ್ಗರಣೆ ಇದೆಯಲ್ಲ?

ಇನ್ನೊಂದು ಮಾತು. ಕಣ್ಣಿಗೆ ಕಾಣುವುದನ್ನು ಬಾಯಿಯಲ್ಲಿ ಹೇಳಬೇಡ. ಬೆಣ್ಣೆ ಕರಗುವುದು ಕಾಣುತ್ತಿರುವಾಗ "ಬೆಣ್ಣೆ ಕರಗುತ್ತಿದೆ" ಎಂದರೆ ಕಣ್ಣಿದ್ದವನ ಕೈಹಿಡಿದು ದಾರಿ ತೋರಿಸಿದಂತಾಯಿತು. ಚಿತ್ರಕ್ಕೆ ದಕ್ಕದಿರುವುದು ಘಮ, ಬಿಸಿ, ಬೆರಳಿಗೆ ತಾಗಿದ ಅನುಭವ. ಮಾತು ಅಲ್ಲಿಗೆ ಹೋಗಲಿ.

ಮಸೂರದ_ಮುಂದೆ

ಮೇಷ್ಟ್ರೇ, ಕೊನೆಯ ಮಾತಿಗೆ ಕೈಮುಗಿದೆ. ಒಂದಕ್ಕೆ ಮಾತ್ರ ಸಣ್ಣ ತಕರಾರು. ಇಡ್ಲಿಗೆ ಸದ್ದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಮುಚ್ಚಳ ಎತ್ತಿದಾಗ ಹುಸ್ ಎನ್ನುವುದು, ಒದ್ದೆ ಬಟ್ಟೆಯಿಂದ ಬಿಡಿಸುವಾಗಿನ ಆ ಅಂಟು ಸದ್ದು, ತಟ್ಟೆಗಳು ಒಂದಕ್ಕೊಂದು ತಾಗುವ ಠಣ್. ಬರಿಗಿವಿಗೆ ಕೇಳಿಸುವುದಿಲ್ಲ, ಹತ್ತಿರ ಹೋದರೆ ಕೇಳಿಸುತ್ತದೆ. ಚಿತ್ರಕ್ಕೆ ಹತ್ತಿರ ಹೋಗುವಂತೆ ಸದ್ದಿಗೂ ಹತ್ತಿರ ಹೋಗಬೇಕು.

ಚಿತ್ರ ತೆಗೆಯುವಾಗ ಬಂದ ಸದ್ದನ್ನು ನಂಬಬೇಡಿ. ಮೊಬೈಲ್ ಒಂದು ಮೊಳ ದೂರದಲ್ಲಿರುತ್ತದೆ, ನಿಮ್ಮ ಹೋಟೆಲಿನ ಮುಂದೆ ಲಾರಿಗಳ ಸಾಲು. ಮಧ್ಯಾಹ್ನ ಬಾಗಿಲು ಹಾಕಿದ ಮೇಲೆ ಇನ್ನೊಂದು ಮೊಬೈಲನ್ನು ಗೇಣುದ್ದ ದೂರದಲ್ಲಿಟ್ಟು ಸದ್ದನ್ನಷ್ಟೇ ಹಿಡಿಯಿರಿ. ಫ್ಯಾನ್, ಫ್ರಿಜ್ ಎರಡನ್ನೂ ಆರಿಸಿ, ಫ್ರಿಜ್ಜಿನ ಗುಂಯ್ ಆಮೇಲೆ ತೆಗೆಯುವುದು ಕಷ್ಟ. ಒಗ್ಗರಣೆಯ ಸದ್ದು ಹಿಡಿಯುವಾಗ ಮೊಬೈಲನ್ನು ಎಣ್ಣೆಯ ನೇರಕ್ಕೆ ಹಿಡಿಯದೆ ಓರೆಯಾಗಿ ಹಿಡಿಯಿರಿ.

ಇದಕ್ಕೆ ಆಧಾರವೂ ಇದೆ. ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಾಸ್ಸಿಮಿಲಿಯಾನೊ ಜಾಂಪಿನಿ ಆಲೂಗಡ್ಡೆಯ ಚಿಪ್ಸ್ ಕಡಿಯುವವರ ಕಿವಿಗೆ ಅವರದೇ ಕಡಿತದ ಸದ್ದನ್ನು ಬದಲಿಸಿ ಕೇಳಿಸಿದರು. ಸದ್ದು ಜೋರಾಗಿ, ತೀಕ್ಷ್ಣವಾಗಿ ಕೇಳಿಸಿದಾಗ ಅದೇ ಚಿಪ್ಸನ್ನು ಜನ ಹೆಚ್ಚು ಗರಿಗರಿ, ಹೆಚ್ಚು ತಾಜಾ ಎಂದರು. 2004ರಲ್ಲಿ ಪ್ರಕಟವಾಯಿತು, 2008ರಲ್ಲಿ ತಮಾಷೆಯ ಇಗ್ ನೊಬೆಲ್ ಬಹುಮಾನವೂ ಬಂತು. ನಿಮ್ಮ ವಡೆಗೆ ಇದು ಅನ್ವಯಿಸುತ್ತದೆ, ಇಡ್ಲಿಗೆ ಅನ್ವಯಿಸುತ್ತದೆ ಎಂದು ನಾನು ಹೇಳಲಾರೆ.

ಚಿಂತಾಮಣಿ_ಚಿತ್ರಕಾರ

ಊದುಬತ್ತಿಯ ಮಾತು ಹಿಂದಕ್ಕೆ ತೆಗೆದುಕೊಂಡೆ, ಮನೆಯಲ್ಲಿ ಮಾಡಿ ನೋಡಿದೆ, ನೀಲಿಯೇ. ಆದರೆ ನೊರೆಯಲ್ಲಿ ತಪ್ಪೇನು? ದೊಡ್ಡವರು ಮಾಡುತ್ತಾರೆ, ನಾವು ಮಾಡಿದರೆ ಏಕೆ ಬೇಡ?

ಮಸೂರದ_ಮುಂದೆ

ಮಾರುವ ವಸ್ತುವಿನ ಜಾಗದಲ್ಲಿ ಬೇರೆಯದನ್ನು ಇಟ್ಟರೆ ದೊಡ್ಡವರಿಗೂ ಬೇಡ. ಅಮೆರಿಕದಲ್ಲಿ ಕ್ಯಾಂಪ್‌ಬೆಲ್ ಕಂಪನಿಯ ಸೂಪಿನ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿಗಳನ್ನು ಹಾಕಿ ತರಕಾರಿಯೆಲ್ಲ ಮೇಲೆ ತೇಲುವಂತೆ ಮಾಡಿದ್ದು 1960ರ ದಶಕದ ಕೊನೆಯಲ್ಲಿ ಸರ್ಕಾರದ ಆಯೋಗದ ತನಕ ಹೋಯಿತು. ಸೂಪು ನಿಜವಾದದ್ದೇ, ಆದರೂ ಇರುವುದಕ್ಕಿಂತ ಹೆಚ್ಚು ತೋರಿಸಿದ್ದು ತಪ್ಪಾಯಿತು. ನಮ್ಮಲ್ಲಿ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಚಿಕ್ಕ ಹೋಟೆಲನ್ನು ಯಾರು ಹಿಡಿಯುತ್ತಾರೆ ಎನ್ನಬಹುದು. ಹಿಡಿಯುವುದು ಗಿರಾಕಿ. ಚಿತ್ರದಲ್ಲಿ ನಿಂಬೆಯಷ್ಟು ಬೆಣ್ಣೆ ನೋಡಿ ಬಂದವನಿಗೆ ಕಡಲೆಯಷ್ಟು ಹಾಕಿದರೆ ಅಲ್ಲೇ ಮೊಬೈಲ್ ತೆಗೆದು ಬರೆಯುತ್ತಾನೆ. ತಂಗೀ, ನಾನು ಉಂಡೆ ಎಂದದ್ದು ನೀವು ದಿನಾ ಹಾಕುವ ಅಳತೆಗೆ ಮೀರದಿರಲಿ.

"ಅಪ್ಪಟ", "ಆರೋಗ್ಯಕರ" ಎಂಬ ಮಾತುಗಳನ್ನೂ ಬಿಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳಲ್ಲಿ ಶುದ್ಧ, ತಾಜಾ, ಸಾಂಪ್ರದಾಯಿಕ ಇಂಥ ಮಾತುಗಳಿಗೆ ಕಟ್ಟುಪಾಡುಗಳಿವೆ.

ಕೋಲಾರದ_ಮುದ್ದೆಗಾರ

ಹಾಗಾದರೆ "ಅಪ್ಪಟ ನಾಟಿ ಶೈಲಿ" ಎಂದು ನಾನು ಹಾಕಿಸಿರುವ ಬೋರ್ಡು ತೆಗೆಸಬೇಕೇ? ಆರು ಸಾವಿರ ಕೊಟ್ಟಿದ್ದೇನೆ.

ಕ್ಯಾತ್ಸಂದ್ರದ_ಸೊಸೆ

ಎಲ್ಲರ ಮಾತು ಕೇಳಿ ಹೊಸದಾಗಿ ಜೋಡಿಸಿದ್ದೇನೆ. ನೋಡಿ ಹೇಳಿ.

ಮೊದಲ ಮೂರು ಸೆಕೆಂಡು ಮಾತಿಲ್ಲ, ಸಂಗೀತವೂ ಇಲ್ಲ. ಮುಚ್ಚಳ ಏಳುತ್ತದೆ, ಹುಸ್, ಹಬೆ ಪರದೆಯನ್ನೆಲ್ಲ ತುಂಬುತ್ತದೆ. ನಾಲ್ಕರಿಂದ ಆರು: ಬಟ್ಟೆಯಿಂದ ಇಡ್ಲಿ ಬಿಡುತ್ತದೆ, ಬಾಳೆಎಲೆಯ ಮೇಲೆ ಕೂರುತ್ತದೆ. ಏಳರಿಂದ ಹತ್ತು: ಬೆಣ್ಣೆಯ ಬುಡ ಕರಗುತ್ತದೆ. ಇಲ್ಲಿ ಮಾವನವರ ದನಿ: "ಸ್ವಲ್ಪ ತಡೆಯಿರಿ, ಬೆರಳು ಸುಡುತ್ತದೆ." ಹನ್ನೊಂದರಿಂದ ಹದಿನಾಲ್ಕು: ನಿಧಾನಗತಿಯಲ್ಲಿ ಮುರಿಯುವುದು, ಮಾತಿಲ್ಲ. ಹದಿನೈದು, ಹದಿನಾರು: ಚಟ್ನಿಯ ಮೇಲೆ ಒಗ್ಗರಣೆ ಬೀಳುತ್ತದೆ, ಚಟಪಟ, ಮತ್ತೆ ದನಿ: "ಕರಿಬೇವಿನ ಘಮ ರಸ್ತೆಯವರೆಗೂ ಬಂದಿದೆ." ಕೊನೆಯ ನಾಲ್ಕು: ಹೋಟೆಲಿನ ಹೆಸರು, "ಕ್ಯಾತ್ಸಂದ್ರ, ಬೆಳಿಗ್ಗೆ ಆರರಿಂದ ಹನ್ನೊಂದು."

ಸದ್ದು ಆರಿಸಿಕೊಂಡು ನೋಡುವವರಿಗಾಗಿ ಈ ಎರಡು ಮಾತುಗಳನ್ನು ಪರದೆಯ ಕೆಳಗೆ ಅಕ್ಷರದಲ್ಲೂ ಹಾಕಿದ್ದೇನೆ.

ಶಿರಾ_ನಿವೃತ್ತ_ಮೇಷ್ಟ್ರು

"ಬೆರಳು ಸುಡುತ್ತದೆ" ಎಂಬಲ್ಲಿ ನನಗೆ ನಿಜಕ್ಕೂ ಹಸಿವಾಯಿತು. ಒಂದು ವಿಶೇಷಣವೂ ಇಲ್ಲ. ಆದರೆ "ಚಟಪಟ" ಎಂದು ಅಕ್ಷರದಲ್ಲಿಯೂ ಹಾಕು. ಸದ್ದು ಆರಿಸಿಕೊಂಡವನ ಕಿವಿಯಲ್ಲಿ ಆ ಪದವೇ ಸಿಡಿಯುತ್ತದೆ.

ಮಸೂರದ_ಮುಂದೆ

ಮೇಷ್ಟ್ರೇ, ಅದು ಬೇಡ. ಒಗ್ಗರಣೆಯ ಪಕ್ಕದಲ್ಲಿ ಅಕ್ಷರ ಕುಣಿಯುತ್ತಿದ್ದರೆ ಕಣ್ಣು ಅಕ್ಷರಕ್ಕೆ ಹೋಗುತ್ತದೆ, ಕರಿಬೇವು ಕಾಣುವುದಿಲ್ಲ.

ಶಿರಾ_ನಿವೃತ್ತ_ಮೇಷ್ಟ್ರು

ಕನ್ನಡಿಗನ ಕಣ್ಣು ಅಕ್ಷರಕ್ಕೆ ಹೋದರೆ ನನಗೇನೂ ಬೇಸರವಿಲ್ಲ.

ಚಿಂತಾಮಣಿ_ಚಿತ್ರಕಾರ

ಅಕ್ಕಾ, ಮಾವನವರ ದನಿಯ ಬದಲು ರೇಡಿಯೊ ದನಿಯವರನ್ನು ಹಿಡಿಯಬಹುದಿತ್ತು, ಗಾಂಭೀರ್ಯ ಇರುತ್ತಿತ್ತು. ಅದೂ ಅಲ್ಲದೆ, ತಟ್ಟೆ ಇಡ್ಲಿ ಎಂದರೆ ಬಿಡದಿಯದು ಅಲ್ಲವೇ?

ಕ್ಯಾತ್ಸಂದ್ರದ_ಸೊಸೆ

ಬಿಡದಿಯ ಮಾತನ್ನು ಇಲ್ಲಿ ಎತ್ತಬೇಡಿ ತಮ್ಮಾ, ಈ ಚರ್ಚೆ ಸಂಕ್ರಾಂತಿಗೂ ಮುಗಿಯುವುದಿಲ್ಲ.

ಮಾವನವರ ದನಿಯನ್ನು ಏಳು ಸಲ ಹಿಡಿದೆ. ಆರು ಸಲ ಓದಿದಂತೆ ಬಂತು. ಏಳನೆಯ ಸಲ ನಿಜವಾಗಿಯೂ ಬಿಸಿ ಇಡ್ಲಿ ಕೈಗೆ ಕೊಟ್ಟು ಮೊಬೈಲ್ ಹಿಡಿದೆ, ಸರಿಯಾಗಿ ಬಂತು. ಎಲ್ಲ ನೋಡಿದ ಮೇಲೆ ಅವರದು ಒಂದೇ ದೂರು, ಹೋಟೆಲಿನ ಹೆಸರು ಇಡ್ಲಿಗಿಂತ ಚಿಕ್ಕದಾಗಿದೆ ಎಂದು. ಎರಡುಪಟ್ಟು ದೊಡ್ಡದು ಮಾಡು ಎನ್ನುತ್ತಿದ್ದಾರೆ. ಅಜ್ಜಿ ಕಂಬಳಿ ವಾಪಸು ಕೇಳಿದ್ದಾರೆ, ಅದರಲ್ಲಿ ಒಗ್ಗರಣೆಯ ವಾಸನೆ ಹೋಗುತ್ತಿಲ್ಲ. ಅದಕ್ಕೆ ಏನಾದರೂ ಗೊತ್ತಿದ್ದರೆ ಭಟ್ಟರು ತಿಳಿಸಬೇಕು.